ಟಿಕೆಟಲ್ಲಿ ಒಂದು ಹೆಸರು, ಪಾಸ್‌ಪೋರ್ಟಲ್ಲಿ ಇನ್ನೊಂದು: ಯಾವ ತಪ್ಪು ತಿದ್ದಬಹುದು, ಹೇಗೆ ತಿದ್ದಿಸ್ಕೋಬೇಕು

ಇಂಟರ್‌ನ್ಯಾಷನಲ್ ಟಿಕೆಟ್ ಬುಕ್ ಆಗಿದೆ, ದುಡ್ಡು ಕಟ್ ಆಗಿದೆ, ಮೇಲ್‌ಗೆ ಬಂದ ಟಿಕೆಟ್ ತೆಗೆದು ನೋಡಿದ್ರೆ ಹೆಸರಲ್ಲಿ ಒಂದು ಅಕ್ಷರ ಇಲ್ಲ. ಇಲ್ಲಾಂದ್ರೆ ಸರ್‌ನೇಮ್ ಇರ್ಬೇಕಾದ ಕಡೆ ಸ್ವಂತ ಹೆಸರು ಬಂದ್ಬಿಟ್ಟಿದೆ. ಇಂಥ ಹೊತ್ತಲ್ಲಿ ಕೆಲವರು ಗಾಬರಿಯಾಗಿ ತಕ್ಷಣ ಕ್ಯಾನ್ಸಲ್ ಒತ್ತಿ ದುಡ್ಡು ಕಳ್ಕೋತಾರೆ, ಇನ್ನು ಕೆಲವರು ಒಂದಕ್ಷರ ತಾನೇ ಯಾರು ನೋಡ್ತಾರೆ ಅಂತ ಸುಮ್ಮನಿದ್ದು ಕೊನೇಗೆ ಚೆಕ್‌ಇನ್ ಕೌಂಟರ್‌ನಲ್ಲಿ ಸಿಕ್ಕಾಕೋತಾರೆ. ಎರಡೂ ಬೇಡ. ಹೆಚ್ಚಿನ ಹೆಸರಿನ ತಪ್ಪುಗಳನ್ನ ತಿದ್ದಬಹುದು, ಕೆಲವು ತಪ್ಪೇ ಅಲ್ಲ, ಕೆಲವನ್ನ ಮಾತ್ರ ನಿಜವಾಗ್ಲೂ ತಿದ್ದಕ್ಕೆ ಆಗಲ್ಲ. ಯಾವುದು ಯಾವುದು ಅಂತ ಗೊತ್ತಾಗ್ಬೇಕಾದ್ರೆ ಮೊದಲು ಪಾಸ್‌ಪೋರ್ಟಲ್ಲಿ ಹೆಸರು ಹೇಗಿರುತ್ತೆ, ಏರ್‌ಲೈನ್ ಸಿಸ್ಟಮ್‌ನಲ್ಲಿ ಹೇಗಿರುತ್ತೆ ಅಂತ ಸ್ವಲ್ಪ ನೋಡ್ಬೇಕು.

## ಪಾಸ್‌ಪೋರ್ಟಲ್ಲಿ ನೋಡ್ಬೇಕಾದ್ದು ಕೆಳಗಿನ ಎರಡು ಸಾಲು

ಫೋಟೋ ಇರೋ ಪುಟದಲ್ಲಿ ಹೆಸರು ಎರಡು ಸಲ ಇರುತ್ತೆ. ಮೇಲೆ ನಾವು ಓದೋ ತರ ಸರ್‌ನೇಮ್, ಗಿವನ್ ನೇಮ್ ಅಂತ ಬೇರೆ ಬೇರೆ ಖಾನೆಯಲ್ಲಿ ಒಂದು ಸಲ, ಪುಟದ ಬುಡದಲ್ಲಿ ಬಾಣದ ಗುರುತು ತುಂಬಿರೋ ಎರಡು ಸಾಲಲ್ಲಿ ಇನ್ನೊಂದು ಸಲ. ಈ ಎರಡು ಸಾಲು ಮಷೀನ್ ಓದೋದಕ್ಕೆ ಅಂತ ಇರೋದು. ವಿಶ್ವಸಂಸ್ಥೆಯ ನಾಗರಿಕ ವಿಮಾನಯಾನ ಸಂಸ್ಥೆ ಐಕಾವೋ, ಡಾಕ್ಯುಮೆಂಟ್ 9303 ಅನ್ನೋ ನಿಯಮಾವಳಿಯಲ್ಲಿ ಇದರ ಅಳತೆ, ಕ್ರಮ ಎಲ್ಲಾ ಗೊತ್ತು ಮಾಡಿದೆ, ಅದಕ್ಕೇ ಯಾವ ದೇಶದ ಪಾಸ್‌ಪೋರ್ಟ್ ತೆಗೆದ್ರೂ ಇದು ಒಂದೇ ತರ ಕಾಣುತ್ತೆ. ಆ ನಿಯಮಾವಳಿಯಲ್ಲಿ ಯುಟೋಪಿಯಾ ಅನ್ನೋ ಕಾಲ್ಪನಿಕ ದೇಶದ ಒಂದು ಮಾದರಿ ಪಾಸ್‌ಪೋರ್ಟ್ ಕೊಟ್ಟಿದಾರೆ, ಅದನ್ನೇ ಈ ಲೇಖನದ ಉದ್ದಕ್ಕೂ ಉದಾಹರಣೆಯಾಗಿ ಇಟ್ಕೊಳೋಣ:

```
P<UTOERIKSSON<<ANNA<MARIA<<<<<<<<<<<<<<<<<<<
L898902C36UTO7408122F1204159ZE184226B<<<<<10
```

ಒಂದೊಂದು ಸಾಲಲ್ಲೂ 44 ಜಾಗ. ಮೊದಲ ಸಾಲಲ್ಲಿ ಮೊದಲನೇ P ಅಂದ್ರೆ ಪಾಸ್‌ಪೋರ್ಟ್, UTO ಅಂದ್ರೆ ಅದನ್ನ ಕೊಟ್ಟ ದೇಶದ ಕೋಡ್, ಅಲ್ಲಿಂದ ಮುಂದಿನ 39 ಜಾಗ ಹೆಸರಿಗೆ. ಮೊದಲು ಸರ್‌ನೇಮ್, ಆಮೇಲೆ ಎರಡು ಬಾಣ, ಆಮೇಲೆ ಗಿವನ್ ನೇಮ್. ಗಿವನ್ ನೇಮ್ ಎರಡು ಮೂರು ಪದ ಇದ್ರೆ ಮಧ್ಯೆ ಒಂದೊಂದು ಬಾಣ. ಅಂದ್ರೆ ಇಲ್ಲಿ ಎರಡು ಬಾಣದ ಎಡಕ್ಕಿರೋ ERIKSSON ಸರ್‌ನೇಮ್, ಬಲಕ್ಕಿರೋ ANNA MARIA ಗಿವನ್ ನೇಮ್. ನಿಮ್ಮ ಸರ್‌ನೇಮ್ ಯಾವುದು ಅಂತ ನಿಮಗೇ ಅನುಮಾನ ಇದ್ರೂ ಈ ಸಾಲಲ್ಲಿ ಅನುಮಾನಕ್ಕೆ ಜಾಗ ಇಲ್ಲ, ಎರಡು ಬಾಣ ಎಲ್ಲಿದೆ ನೋಡಿದ್ರೆ ಮುಗೀತು.

ಇನ್ನೊಂದು ವಿಷಯ, ಈ ಸಾಲಲ್ಲಿ A ಇಂದ Z ವರೆಗಿನ ಅಕ್ಷರ, ಅಂಕಿ, ಬಾಣ ಇಷ್ಟು ಬಿಟ್ರೆ ಬೇರೆ ಏನೂ ಬರೋ ಹಾಗಿಲ್ಲ. ಹೆಸರಿನ ಮಧ್ಯೆ ಅಡ್ಡಗೆರೆ ಇದ್ರೆ ಅದು ಬಾಣ ಆಗುತ್ತೆ, ಅಪಾಸ್ಟ್ರಫಿ ಇದ್ರೆ ಅದು ಮಾಯ ಆಗಿ ಅಕ್ಷರ ಎಲ್ಲಾ ಸೇರ್ಕೊಳ್ಳುತ್ತೆ. MÜLLER ಅಂತ ಮೇಲೆ ಇದ್ರೆ ಕೆಳಗೆ MUELLER ಅಂತ ಇರಬಹುದು. ಟಿಕೆಟ್ ಬುಕ್ ಮಾಡುವಾಗ ಮೇಲಿನ ಹೆಸರಿಗೂ ಕೆಳಗಿನ ಹೆಸರಿಗೂ ವ್ಯತ್ಯಾಸ ಇದ್ರೆ ಕೆಳಗಿಂದೇ ಹಾಕಿ, ಯಾಕಂದ್ರೆ ಕೌಂಟರ್‌ನಲ್ಲಿ ಸ್ಕ್ಯಾನ್ ಆಗೋದು ಅದೇ.

## ಏರ್‌ಲೈನ್ ಹತ್ರ ಹೆಸರು ಮೂರು ಕಡೆ ಇರುತ್ತೆ

ಹೆಸರು ತಿದ್ದಿಸೋ ಕೆಲಸದಲ್ಲಿ ಜನ ಎಡವೋದು ಹೆಚ್ಚಾಗಿ ಇಲ್ಲೇ, ಹಾಗಾಗಿ ಇದನ್ನ ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲನೇದು ಬುಕಿಂಗ್, ಅಂದ್ರೆ ಪಿಎನ್‌ಆರ್. 6 ಅಕ್ಷರದ ಕೋಡ್ ಬರುತ್ತಲ್ಲ, ಅದು. ಯಾರು, ಯಾವ ಫ್ಲೈಟು, ಯಾವ ದಿನ, ಯಾವ ಸೀಟು ಅನ್ನೋದೆಲ್ಲ ಇದರಲ್ಲಿ ಇರುತ್ತೆ. ಎರಡನೇದು ಇ-ಟಿಕೆಟ್. ಇದಕ್ಕೆ 13 ಅಂಕಿಯ ನಂಬರ್ ಇರುತ್ತೆ, ಮೊದಲ 3 ಅಂಕಿ ಯಾವ ಏರ್‌ಲೈನ್ ಅನ್ನೋದರ ಕೋಡ್. ನೀವು ದುಡ್ಡು ಕೊಟ್ಟಿದೀರಿ, ಈ ಹೆಸರಿನವರನ್ನ ಕರ್ಕೊಂಡು ಹೋಗ್ಬೇಕು ಅನ್ನೋದಕ್ಕೆ ದಾಖಲೆ ಇದು. ಮೂರನೇದು ಪ್ರಯಾಣಿಕರ ಮಾಹಿತಿ, ಅಂದ್ರೆ ಪಾಸ್‌ಪೋರ್ಟ್ ನಂಬರ್, ಹುಟ್ಟಿದ ದಿನ, ಯಾವ ದೇಶದ ಪ್ರಜೆ ಅಂತೆಲ್ಲ ತುಂಬಿಸ್ತೀವಲ್ಲ ಅದು, ಹೋಗೋ ದೇಶದ ಸರ್ಕಾರ ಕೇಳಿದ್ರೆ ಏರ್‌ಲೈನ್ ಇದನ್ನ ಮುಂಚಿತವಾಗಿ ಅಲ್ಲಿಗೆ ಕಳಿಸ್ಬೇಕು. ಏರ್‌ಲೈನ್ ಸ್ಕ್ರೀನ್‌ನಲ್ಲಿ ಆ ಮೂರನೇ ದಾಖಲೆ ಹೆಚ್ಚುಕಡಿಮೆ ಹೀಗಿರುತ್ತೆ:

```
DOCS YY HK1/P/UTO/L898902C3/UTO/12AUG74/F/15APR12/ERIKSSON/ANNA/MARIA
```

ಮೊದಲೆರಡು ದಾಖಲೆಗೆ ಇರೋ ಸಂಬಂಧ ಹೇಗೆ ಅಂದ್ರೆ, ಫಂಕ್ಷನ್ ಹಾಲ್ ಬುಕ್ ಮಾಡಿದಾಗ ಮ್ಯಾನೇಜರ್ ಡೈರಿಯಲ್ಲಿ ಆ ತಾರೀಖಿನ ಎದುರು ನಿಮ್ಮ ಹೆಸರು ಬರ್ಕೋತಾರೆ, ದುಡ್ಡು ಕೊಟ್ಟ ಮೇಲೆ ರಸೀದಿ ಬೇರೆ ಕೊಡ್ತಾರೆ. ಡೈರಿಯಲ್ಲಿ ಹೆಸರು ತಿದ್ದಿದ್ರು ಅಂದ ಮಾತ್ರಕ್ಕೆ ನಿಮ್ಮ ಕೈಯಲ್ಲಿರೋ ರಸೀದಿ ತಾನಾಗೇ ಬದಲಾಗಲ್ಲ. ಪಿಎನ್‌ಆರ್ ಡೈರಿ, ಇ-ಟಿಕೆಟ್ ರಸೀದಿ.

ಇದರಿಂದ ಎರಡು ಎಡವಟ್ಟು ಆಗುತ್ತೆ. ಒಂದು, ಏರ್‌ಲೈನ್ ವೆಬ್‌ಸೈಟಲ್ಲಿ ಪಾಸ್‌ಪೋರ್ಟ್ ವಿವರ ತುಂಬೋ ಜಾಗದಲ್ಲಿ ಸರಿಯಾದ ಹೆಸರು ಟೈಪ್ ಮಾಡಿ ಸೇವ್ ಕೊಟ್ಟು, ಹೆಸರು ಸರಿಹೋಯ್ತು ಅಂದ್ಕೊಳೋದು. ಸರಿಹೋಗಿರೋದು ಮೂರನೇ ದಾಖಲೆ ಮಾತ್ರ, ಟಿಕೆಟಲ್ಲಿ ಹಳೇ ಹೆಸರು ಹಾಗೇ ಇದೆ. ಇನ್ನೊಂದು, ಏಜೆಂಟ್ ಪಿಎನ್‌ಆರ್‌ನಲ್ಲಿ ಹೆಸರು ತಿದ್ದಿ ಆಯ್ತು ಅಂತ ಹೇಳಿಬಿಡೋದು, ಟಿಕೆಟ್ ಮತ್ತೆ ಇಶ್ಯೂ ಮಾಡದೇ ಇರೋದು. ಆಗ ಬುಕಿಂಗ್ ತೆಗೆದು ನೋಡಿದ್ರೆ ಹೆಸರು ಸರಿಯಾಗೇ ಕಾಣುತ್ತೆ, ಆದ್ರೆ ಚೆಕ್‌ಇನ್ ದಿನ ಬುಕಿಂಗ್‌ಗೂ ಟಿಕೆಟ್‌ಗೂ ಹೊಂದಾಣಿಕೆ ಆಗದೆ ಬೋರ್ಡಿಂಗ್ ಪಾಸ್ ಬರಲ್ಲ.

## ತಪ್ಪು ತರ ಕಂಡ್ರೂ ತಪ್ಪಲ್ಲದ್ದು

ತಿದ್ದಿಸೋ ಮುಂಚೆ ಅದು ನಿಜವಾಗ್ಲೂ ತಪ್ಪಾ ಅಂತ ನೋಡಿ. ಏರ್‌ಲೈನ್ ಸಿಸ್ಟಮ್‌ನಲ್ಲಿ ಹೆಸರು ಬರೋ ಕ್ರಮವೇ ಬೇರೆ, ಮೊದಲು ಸರ್‌ನೇಮ್, ಆಮೇಲೆ ಒಂದು ಓರೆಗೆರೆ, ಆಮೇಲೆ ಗಿವನ್ ನೇಮ್, ಅದರ ಬಾಲಕ್ಕೆ ಮಿಸ್ಟರ್, ಮಿಸೆಸ್ ಅನ್ನೋ ಟೈಟಲ್. ಹಾಗಾಗಿ `ERIKSSON/ANNA MARIA MRS` ಅಂತ ಇದ್ರೆ ಹೆಸರು ಉಲ್ಟಾ ಆಗಿದೆ ಅಂತ ಅಲ್ಲ, ಅದು ಇರ್ಬೇಕಾದ್ದೇ ಹಾಗೆ. ಕೆಲವು ಸಿಸ್ಟಮ್‌ಗಳು ಮಧ್ಯದ ಸ್ಪೇಸ್ ನುಂಗಿ `ANNAMARIAMRS` ಅಂತ ಒಂದೇ ಪದ ಮಾಡಿಬಿಡ್ತವೆ, ಅದೂ ತಪ್ಪಲ್ಲ, ಕೌಂಟರ್‌ನವರು ದಿನಾ ನೋಡೋದೇ ಅದು.

ಬೋರ್ಡಿಂಗ್ ಪಾಸ್ ಕಥೆ ಇನ್ನೂ ಸ್ವಲ್ಪ ಮುಂದೆ ಹೋಗುತ್ತೆ. ಅದರ ಮೇಲಿನ ಬಾರ್‌ಕೋಡ್‌ನಲ್ಲಿ ಹೆಸರಿಗೆ ಇರೋದು 20 ಜಾಗ ಮಾತ್ರ. ನಮ್ಮ ಉದಾಹರಣೆ ಹೆಸರನ್ನ ಟೈಟಲ್ ಸಮೇತ ಒಟ್ಟಿಗೆ ಬರೆದ್ರೆ 21 ಆಗುತ್ತೆ, ಕೊನೇ ಅಕ್ಷರ ಕತ್ತರಿಸಿ ಹೋದ್ರೆ `ERIKSSON/ANNAMARIAMR` ಅಂತ ಉಳಿಯುತ್ತೆ. ನೋಡಿದವರಿಗೆ ಅಯ್ಯೋ ಹೆಂಗಸಿಗೆ ಮಿಸ್ಟರ್ ಅಂತ ಹಾಕಿದಾರೆ ಅನ್ಸುತ್ತೆ, ಆದ್ರೆ ಅದು ಜಾಗ ಸಾಲದೆ ಆಗಿದ್ದು. ಉದ್ದ ಹೆಸರಿರೋರಿಗೆ ಇದು ಆಗ್ತಾನೇ ಇರುತ್ತೆ. ಬೋರ್ಡಿಂಗ್ ಪಾಸ್ ನೋಡಿ ತೀರ್ಮಾನ ಮಾಡ್ಬೇಡಿ, ಇ-ಟಿಕೆಟ್ ರಸೀದಿಯಲ್ಲಿ ಪೂರ್ತಿ ಹೆಸರು ಹೇಗಿದೆ ನೋಡಿ.

ಮಿಡಲ್ ನೇಮ್ ಬಿಟ್ಟುಹೋಗಿದ್ರೆ? ಪಾಸ್‌ಪೋರ್ಟಲ್ಲಿ ANNA MARIA, ಟಿಕೆಟಲ್ಲಿ ಬರೀ ANNA, ಸರ್‌ನೇಮ್ ಸರಿ ಇದೆ. ಬಹಳಷ್ಟು ಏರ್‌ಲೈನ್‌ಗಳು ಇದನ್ನ ಒಪ್ತವೆ, ಮೂರನೇ ದಾಖಲೆಯಲ್ಲಿ ಮಾತ್ರ ಪೂರ್ತಿ ಹೆಸರು ಹಾಕ್ಬೇಕು. ಆದ್ರೆ ಎಲ್ಲಾ ಏರ್‌ಲೈನ್, ಎಲ್ಲಾ ದೇಶಕ್ಕೂ ಒಂದೇ ರೂಲ್ ಅಂತ ಇಲ್ಲ, ಹಾಗಾಗಿ ಏರ್‌ಲೈನ್‌ಗೆ ಒಂದು ಮೆಸೇಜ್ ಹಾಕಿ, ಪರವಾಗಿಲ್ಲ ಅಂತ ಅವರು ಬರೆದು ಕೊಟ್ಟ ಉತ್ತರ ಇಟ್ಕೊಳಿ. ಫೋನ್‌ನಲ್ಲಿ ಹೇಳಿದ್ದು ಕೌಂಟರ್‌ನಲ್ಲಿ ತೋರ್ಸಕ್ಕೆ ಆಗಲ್ಲ.

## ಕರೆಕ್ಷನ್ ಬೇರೆ, ಚೇಂಜ್ ಬೇರೆ

ಏರ್‌ಲೈನ್ ಭಾಷೆಯಲ್ಲಿ ನೇಮ್ ಕರೆಕ್ಷನ್ ಅಂದ್ರೆ ಹೋಗೋ ಮನುಷ್ಯ ಅದೇ, ಹೆಸರು ಬರೆದಿರೋದು ತಪ್ಪಾಗಿದೆ. ನೇಮ್ ಚೇಂಜ್ ಅಂದ್ರೆ ಒಬ್ಬರ ಟಿಕೆಟಲ್ಲಿ ಇನ್ನೊಬ್ಬರು ಹೋಗೋದು. ಮೊದಲನೇದಕ್ಕೆ ಹೆಚ್ಚಿನ ಕಡೆ ದಾರಿ ಇದೆ. ಎರಡನೇದಕ್ಕೆ ದೊಡ್ಡ ಏರ್‌ಲೈನ್‌ಗಳು ಸಾಮಾನ್ಯವಾಗಿ ಒಪ್ಪಲ್ಲ, ಕಡಿಮೆ ದರದ ಕೆಲವು ಏರ್‌ಲೈನ್‌ಗಳು ಫೀಸ್ ತಗೊಂಡು ಮಾಡಿಕೊಡ್ತವೆ. ಕಾರಣ ಏನಂದ್ರೆ, ಹೆಸರು ಸುಲಭವಾಗಿ ಬದಲಾಯಿಸಕ್ಕೆ ಆಗೋ ಹಾಗಿದ್ರೆ ರೇಟ್ ಕಡಿಮೆ ಇದ್ದಾಗ ಯಾರೋ ಗುಂಪಾಗಿ ಟಿಕೆಟ್ ಕೊಂಡಿಟ್ಟು ಆಮೇಲೆ ಜಾಸ್ತಿಗೆ ಮಾರಬಹುದು. ಜೊತೆಗೆ ಸರಿಯಾದ ದಾಖಲೆ ಇಲ್ಲದವರನ್ನ ಕರ್ಕೊಂಡು ಹೋದ್ರೆ ಆ ದೇಶ ಏರ್‌ಲೈನ್‌ಗೇ ದಂಡ ಹಾಕುತ್ತೆ, ವಾಪಸ್ ಕರ್ಕೊಂಡು ಬರೋ ಹೊಣೆಯೂ ಏರ್‌ಲೈನ್ ಮೇಲೇ ಬೀಳುತ್ತೆ. ಕೌಂಟರ್‌ನವರು ಅಷ್ಟು ಕಟ್ಟುನಿಟ್ಟಾಗಿ ಇರೋದು ಇದಕ್ಕೇ.

ಹಾಗಾದ್ರೆ ಯಾವುದು ಕರೆಕ್ಷನ್ ಲೆಕ್ಕಕ್ಕೆ ಬರುತ್ತೆ? ಒಂದೆರಡು ಅಕ್ಷರ ತಪ್ಪಿರೋದು ಬರುತ್ತೆ, ಅನೇಕ ಏರ್‌ಲೈನ್‌ಗಳು 3 ಅಕ್ಷರದವರೆಗೆ ಅಂತ ಗೆರೆ ಹಾಕಿರ್ತವೆ. ಸರ್‌ನೇಮ್, ಗಿವನ್ ನೇಮ್ ಅದಲುಬದಲಾಗಿರೋದು ಬರುತ್ತೆ, ಅಕ್ಷರ ಎಲ್ಲಾ ಅವೇ, ಖಾನೆ ಮಾತ್ರ ಬೇರೆ. ಟೈಟಲ್ ತಪ್ಪಿರೋದು ಬರುತ್ತೆ. ಟಿಕೆಟಲ್ಲಿ `ERIKSSON/A M` ಅಂತ ಇನಿಷಿಯಲ್, ಪಾಸ್‌ಪೋರ್ಟಲ್ಲಿ ಬಿಡಿಸಿದ ಹೆಸರು ಇದ್ರೂ ಬರುತ್ತೆ. ಮನೆಯಲ್ಲಿ ಕರೆಯೋ ಹೆಸರಲ್ಲಿ ಬುಕ್ ಮಾಡಿದ್ರೆ ಅಕ್ಷರದ ಲೆಕ್ಕ ದಾಟಿಹೋಗುತ್ತೆ, ಆದ್ರೂ ಸರ್‌ನೇಮ್, ಹುಟ್ಟಿದ ದಿನ ಎರಡೂ ಹೊಂದಿದ್ರೆ ಪಾಸ್‌ಪೋರ್ಟ್ ಕಾಪಿ ನೋಡಿ ಒಪ್ಪೋ ಏರ್‌ಲೈನ್‌ಗಳು ಇವೆ.

ಕಷ್ಟ ಆಗೋದು ಗಿವನ್ ನೇಮ್ ಪೂರ್ತಿ ಬೇರೆಯದೇ ಆಗಿದ್ದಾಗ. ಇದು ಹೇಗಾಗುತ್ತೆ ಅಂದ್ರೆ, ಮನೆಯವರೆಲ್ಲರ ವಿವರ ಒಬ್ಬರ ಅಕೌಂಟಲ್ಲಿ ಸೇವ್ ಆಗಿರುತ್ತೆ, ಬ್ರೌಸರ್ ತಾನೇ ತುಂಬಿಸಿಬಿಡುತ್ತೆ, ಅಣ್ಣ ಹೋಗ್ಬೇಕಾದ ಟಿಕೆಟಲ್ಲಿ ತಮ್ಮನ ಹೆಸರು ಬಂದ್ಬಿಡುತ್ತೆ. ನಿಮ್ಮ ದೃಷ್ಟಿಯಲ್ಲಿ ಅದು ಟೈಪಿಂಗ್ ತಪ್ಪು, ಏರ್‌ಲೈನ್ ದೃಷ್ಟಿಯಲ್ಲಿ ಬೇರೆ ಮನುಷ್ಯ. ಇಂಥದ್ದಕ್ಕೆ ಇರೋ ಒಳ್ಳೇ ದಾರಿ ಮೊದಲ 24 ಗಂಟೆ. ಅಮೆರಿಕದ ನಿಯಮದ ಪ್ರಕಾರ ಅಲ್ಲಿಗೆ ಹೋಗೋ, ಅಲ್ಲಿಂದ ಹೊರಡೋ, ಅದರೊಳಗೆ ಓಡಾಡೋ ಫ್ಲೈಟ್‌ನ ಟಿಕೆಟನ್ನ ಹೊರಡೋ ಸಮಯಕ್ಕೆ ಕನಿಷ್ಠ 7 ದಿನ ಮುಂಚೆ ಏರ್‌ಲೈನ್‌ನಲ್ಲೇ ನೇರವಾಗಿ ಬುಕ್ ಮಾಡಿದ್ರೆ, ಏರ್‌ಲೈನ್ ಒಂದೋ 24 ಗಂಟೆ ಒಳಗೆ ದಂಡ ಇಲ್ಲದೆ ಕ್ಯಾನ್ಸಲ್ ಮಾಡಕ್ಕೆ ಬಿಡ್ಬೇಕು ಇಲ್ಲಾ ದುಡ್ಡು ತಗೊಳ್ದೇ 24 ಗಂಟೆ ಆ ರೇಟಲ್ಲಿ ಹಿಡಿದಿಡ್ಬೇಕು. ಭಾರತದಲ್ಲಿ ಏರ್‌ಲೈನ್ ವೆಬ್‌ಸೈಟಲ್ಲೇ ಬುಕ್ ಮಾಡಿದ್ದು, ಅದೇ ವ್ಯಕ್ತಿಯ ಹೆಸರಿನ ಚಿಕ್ಕ ತಪ್ಪನ್ನ 24 ಗಂಟೆ ಒಳಗೆ ತಿಳಿಸಿದ್ರೆ ತಿದ್ದೋದಕ್ಕೆ ಎಕ್ಸ್‌ಟ್ರಾ ಚಾರ್ಜ್ ಹಾಕೋ ಹಾಗಿಲ್ಲ. ಎರಡೂ ನಿಯಮ ಏರ್‌ಲೈನ್‌ನಲ್ಲೇ ಬುಕ್ ಮಾಡಿದವರಿಗೆ ಅನ್ನೋದನ್ನ ಗಮನಿಸಿ, ಏಜೆಂಟ್ ಅಥವಾ ಟ್ರಾವೆಲ್ ಸೈಟ್ ಮೂಲಕ ಕೊಂಡಿದ್ರೆ ಅವರ ಷರತ್ತು ಬೇರೆ ಇರಬಹುದು. ಅದಕ್ಕೇ ಟಿಕೆಟ್ ಮೇಲ್ ಬಂದ ಆ ಕ್ಷಣವೇ ಪಾಸ್‌ಪೋರ್ಟ್ ಪಕ್ಕದಲ್ಲಿಟ್ಕೊಂಡು ಒಂದೊಂದೇ ಅಕ್ಷರ ತಾಳೆ ನೋಡಿ.

## ಒಂದು ತಪ್ಪನ್ನ ಮೊದಲಿಂದ ಕೊನೆವರೆಗೆ ತಿದ್ದಿ ನೋಡೋಣ

ನಮ್ಮ ಮಾದರಿ ಪಾಸ್‌ಪೋರ್ಟಿನ ಆನಾ ಮರಿಯಾ ಒಂದು ಟ್ರಾವೆಲ್ ಸೈಟಲ್ಲಿ ಟಿಕೆಟ್ ತಗೊಂಡಿದಾರೆ ಅಂದ್ಕೊಳಿ. ಎರಡು ಫ್ಲೈಟು, ಮೊದಲನೇದು ಟಿಕೆಟ್ ಕೊಟ್ಟ ಏರ್‌ಲೈನ್‌ದು, ಎರಡನೇದು ಅದರ ಪಾರ್ಟ್‌ನರ್ ಏರ್‌ಲೈನ್‌ದು, ಟಿಕೆಟ್ ಒಂದೇ. ಹೊರಡೋದಕ್ಕೆ ಮೂರು ವಾರ ಇದೆ. ಟಿಕೆಟ್ ನೋಡಿದ್ರೆ ಸರ್‌ನೇಮ್‌ನಲ್ಲಿ ಒಂದು S ಕಮ್ಮಿ, ಮಿಡಲ್ ನೇಮ್ ಇಲ್ಲವೇ ಇಲ್ಲ.

ಮೊದಲ ಪ್ರಶ್ನೆ, ಯಾರನ್ನ ಕೇಳ್ಬೇಕು? ಟಿಕೆಟ್ ಇಶ್ಯೂ ಮಾಡಿದವರನ್ನ. ಏರ್‌ಲೈನ್‌ಗೆ ಫೋನ್ ಮಾಡಿದ್ರೆ ಬಹುತೇಕ ಸಲ ಏಜೆಂಟ್ ಹತ್ರ ಹೋಗಿ ಅಂತಾರೆ. ಅದು ಕೈ ತೊಳ್ಕೊಳೋದು ಅಂತ ಅನ್ಸುತ್ತೆ ನಿಜ, ಆದ್ರೆ ಟಿಕೆಟ್ ಏಜೆಂಟ್ ಕಡೆಯಿಂದ ಇಶ್ಯೂ ಆಗಿರೋವಾಗ ಅದನ್ನ ವಾಪಸ್ ತಗೊಂಡು ಹೊಸದು ಕೊಡೋದೂ ಅವರ ಕಡೆಯಿಂದಾನೇ ಆಗ್ಬೇಕು, ಏರ್‌ಲೈನ್ ಬರೀ ಒಪ್ಪಿಗೆ ಕೊಡುತ್ತೆ. ನೇರವಾಗಿ ಏರ್‌ಲೈನ್‌ನಲ್ಲಿ ಕೊಂಡಿದ್ರೆ ಇದು ಸುಲಭ, ಚಿಕ್ಕ ತಪ್ಪನ್ನ ಅವರ ವೆಬ್‌ಸೈಟ್‌ನ ಮ್ಯಾನೇಜ್ ಬುಕಿಂಗ್‌ನಲ್ಲಿ ನಾವೇ ತಿದ್ದೋ ಸೌಲಭ್ಯ ಅನೇಕ ಕಡೆ ಇದೆ.

ಎರಡನೇದು, ಏನಂತ ಬರೀಬೇಕು. ಹೆಸರು ತಪ್ಪಾಗಿದೆ ಸರಿ ಮಾಡಿ ಅಂತ ಅಷ್ಟೇ ಬರೆದ್ರೆ ನಾಲ್ಕು ಸಲ ಮೇಲ್ ಓಡಾಡುತ್ತೆ. ಪಿಎನ್‌ಆರ್, 13 ಅಂಕಿಯ ಟಿಕೆಟ್ ನಂಬರ್, ಪಾಸ್‌ಪೋರ್ಟ್ ಫೋಟೋ ಪುಟದ ಕೆಳಗಿನ ಎರಡು ಸಾಲೂ ಕಾಣೋ ಹಾಗಿರೋ ಕಾಪಿ ಮೊದಲ ಮೇಲ್‌ನಲ್ಲೇ ಹಾಕಿ, ಜೊತೆಗೆ ಈಗ ಇರೋ ಹೆಸರು, ಆಗ್ಬೇಕಾದ ಹೆಸರು ಎರಡನ್ನೂ ಟಿಕೆಟಲ್ಲಿ ಬರೋ ರೂಪದಲ್ಲೇ ಒಂದರ ಕೆಳಗೊಂದು ಬರೀರಿ:

```
ERIKSON/ANNA MRS
ERIKSSON/ANNA MARIA MRS
```

ಇದು ನೇಮ್ ಕರೆಕ್ಷನ್, ಪ್ರಯಾಣಿಕರು ಅದೇ ವ್ಯಕ್ತಿ ಅಂತ ಒಂದು ಸಾಲು ಸೇರಿಸಿ. ಮಿಡಲ್ ನೇಮ್ ಒಂದೇ ಇಲ್ಲದೇ ಇದ್ದಿದ್ರೆ ಹಾಗೇ ಬಿಡಬಹುದಿತ್ತು, ಆದ್ರೆ ಹೇಗೂ ಟಿಕೆಟ್ ಮತ್ತೆ ಇಶ್ಯೂ ಆಗುತ್ತೆ, ಅದನ್ನೂ ಈಗಲೇ ಸೇರಿಸ್ಕೊಳೋದು ಒಳ್ಳೇದು.

ಆಮೇಲೆ ಕಾಯ್ಬೇಕು, ಕೆಲವು ಸಲ ದಿನಗಟ್ಟಲೆ. ಒಂದು S ಸೇರಿಸಕ್ಕೆ ಇಷ್ಟು ಹೊತ್ತಾ ಅನ್ಸುತ್ತೆ, ಕಾರಣ ಆ ಎರಡನೇ ಫ್ಲೈಟು. ಪಾರ್ಟ್‌ನರ್ ಏರ್‌ಲೈನ್ ತನ್ನ ಸಿಸ್ಟಮ್‌ನಲ್ಲಿ ತನ್ನದೇ ಬೇರೆ ಪಿಎನ್‌ಆರ್ ಇಟ್ಕೊಂಡಿರುತ್ತೆ, ಅಲ್ಲಿರೋ ಹೆಸರನ್ನ ಹೊರಗಿಂದ ತಿದ್ದಕ್ಕೆ ಎಷ್ಟೋ ಸಲ ಸಿಸ್ಟಮ್ ಒಪ್ಪಲ್ಲ. ಆಗ ಏಜೆಂಟ್ ಸರಿಯಾದ ಹೆಸರಲ್ಲಿ ಹೊಸ ಪಿಎನ್‌ಆರ್ ಮಾಡಿ, ಅದೇ ಫ್ಲೈಟುಗಳನ್ನ ಮತ್ತೆ ಬುಕ್ ಮಾಡಿ, ಏರ್‌ಲೈನ್ ಒಪ್ಪಿಗೆ ತಗೊಂಡು ಹಳೇ ಟಿಕೆಟ್‌ನ ಬೆಲೆಯನ್ನ ಹೊಸದಕ್ಕೆ ಹೊಂದಿಸ್ಬೇಕು. ಇಲ್ಲಿ ಹುಷಾರಾಗಿರ್ಬೇಕಾದ ಜಾಗ ಒಂದಿದೆ. ನೀವು ಕೊಂಡಿದ್ದ ರೇಟಿನ ಸೀಟು ಈಗ ಖಾಲಿಯಾಗಿದ್ರೆ ಹೊಸ ಬುಕಿಂಗ್ ಮೇಲಿನ ರೇಟಿಗೆ ಹೋಗುತ್ತೆ, ಆ ವ್ಯತ್ಯಾಸ ಕೊಡಿ ಅಂತ ಕೇಳಬಹುದು. ಬರೀ ಕರೆಕ್ಷನ್ ಆಗಿರೋದ್ರಿಂದ ಹಳೇ ರೇಟಲ್ಲೇ ಸೀಟು ಕೊಡಿ ಅಂತ ಏರ್‌ಲೈನ್ ಹತ್ರ ಕೇಳಿ ಅಂತ ಏಜೆಂಟ್‌ಗೆ ಹೇಳಿ, ಹೊಸ ಬುಕಿಂಗ್ ಕನ್ಫರ್ಮ್ ಆಗೋವರೆಗೆ ಹಳೇದನ್ನ ಕ್ಯಾನ್ಸಲ್ ಮಾಡಿಸ್ಲೇಬೇಡಿ. ನೀವಾಗೇ ಸರಿಯಾದ ಹೆಸರಲ್ಲಿ ಇನ್ನೊಂದು ಟಿಕೆಟ್ ಕೊಳ್ಳಕ್ಕೂ ಹೋಗ್ಬೇಡಿ, ಒಂದೇ ಫ್ಲೈಟಲ್ಲಿ ಹೆಚ್ಚುಕಡಿಮೆ ಒಂದೇ ಹೆಸರಿನ ಎರಡು ಬುಕಿಂಗ್ ಕಂಡ್ರೆ ಡೂಪ್ಲಿಕೇಟ್ ಅಂತ ಏರ್‌ಲೈನ್ ಒಂದನ್ನ ತೆಗೆದುಹಾಕಬಹುದು.

ಈ ಮಧ್ಯೆ ವೆಬ್ ಚೆಕ್‌ಇನ್ ಓಪನ್ ಆಗಿದೆ ಅಂತ ಮೆಸೇಜ್ ಬಂದ್ರೂ ಚೆಕ್‌ಇನ್ ಮಾಡ್ಬೇಡಿ. ಒಮ್ಮೆ ಚೆಕ್‌ಇನ್ ಆದ ಮೇಲೆ ಟಿಕೆಟ್ ತಿದ್ದೋಕೆ ಮೊದಲು ಆ ಚೆಕ್‌ಇನ್ ರದ್ದು ಮಾಡ್ಬೇಕು, ಅದು ಇನ್ನೊಂದು ಕೆಲಸ. ಅದೇ ತರ, ಹೋಗೋವಾಗ ಹೇಗೋ ಬಿಟ್ರು, ಬರೋವಾಗ ನೋಡ್ಕೊಳೋಣ ಅನ್ನೋದೂ ಬೇಡ, ಟಿಕೆಟಿನ ಒಂದು ಭಾಗ ಬಳಕೆ ಆದ ಮೇಲೆ ಉಳಿದಿದ್ದರಲ್ಲಿ ಹೆಸರು ತಿದ್ದಿಸೋದು ತುಂಬಾ ಕಷ್ಟ.

ಕೊನೇಗೆ ಆಯ್ತು ಅಂತ ಏಜೆಂಟ್ ಹೇಳ್ತಾರೆ. ನಿಜವಾಗ್ಲೂ ಆಗಿದೆಯಾ ಅಂತ ಗೊತ್ತಾಗೋದು ಹೊಸ ಇ-ಟಿಕೆಟ್ ರಸೀದಿಯಲ್ಲಿ. ಟಿಕೆಟ್ ಮತ್ತೆ ಇಶ್ಯೂ ಆಗಿದ್ರೆ 13 ಅಂಕಿಯ ನಂಬರ್ ಬದಲಾಗಿರ್ಬೇಕು, ಏಜೆಂಟ್ ಸ್ಕ್ರೀನ್‌ನಲ್ಲಿ ಹಳೇ ನಂಬರ್ ಎದುರು `EXCHANGED` ಅಂತ, ಹೊಸದರ ಎದುರು `OPEN` ಅಂತ ಕಾಣುತ್ತೆ. ಹೆಸರು ಸರಿ ಇದೆ ಆದ್ರೆ ನಂಬರ್ ಹಳೇದೇ ಇದೆ ಅಂದ್ರೆ ಡೈರಿ ಮಾತ್ರ ತಿದ್ದಿದಾರೇನೋ ಅಂತ ಕೇಳಿ, ಟಿಕೆಟ್ ದಾಖಲೆಯಲ್ಲೂ ಹೆಸರು ಬದಲಾಗಿದೆ ಅಂತ ಖಚಿತ ಮಾಡಿಸ್ಕೊಳಿ. ಆಮೇಲೆ ಪಾರ್ಟ್‌ನರ್ ಏರ್‌ಲೈನ್‌ನ ಪಿಎನ್‌ಆರ್ ಕೇಳಿ ತಗೊಂಡು ಅವರ ವೆಬ್‌ಸೈಟಲ್ಲೂ ಬುಕಿಂಗ್ ತೆಗೆದು ನೋಡಿ, ಅಲ್ಲಿ ಲಾಗಿನ್ ಆಗಕ್ಕೆ ಸರ್‌ನೇಮ್ ಕೇಳುತ್ತೆ, ಎರಡು S ಇರೋ ಹೆಸರು ಹಾಕಿದಾಗ ಬುಕಿಂಗ್ ತೆರ್ಕೊಂಡ್ರೆ ಅಲ್ಲೂ ತಿದ್ದಿದೆ ಅಂತ. ಹೊಸ ಪಿಎನ್‌ಆರ್ ಆಗಿದ್ರೆ ಹಳೇದರಲ್ಲಿ ದುಡ್ಡು ಕೊಟ್ಟು ತಗೊಂಡಿದ್ದ ಸೀಟು, ಎಕ್ಸ್‌ಟ್ರಾ ಬ್ಯಾಗು, ಹೇಳಿದ್ದ ಊಟ ತಾನಾಗಿ ಬರಲ್ಲ, ಅವನ್ನೆಲ್ಲ ಮತ್ತೆ ಜೋಡಿಸ್ಬೇಕು, ಪಾಸ್‌ಪೋರ್ಟ್ ವಿವರವನ್ನೂ ಮತ್ತೆ ತುಂಬ್ಬೇಕು.

## ಪಾಸ್‌ಪೋರ್ಟಲ್ಲಿ ಒಂದೇ ಹೆಸರಿದ್ರೆ

ಸರ್‌ನೇಮ್ ಖಾನೆ ಖಾಲಿ ಇರೋರು ಲಕ್ಷಾಂತರ ಜನ ಇದಾರೆ. ಪಾಸ್‌ಪೋರ್ಟಲ್ಲಿ ಅದು ತಪ್ಪಲ್ಲ, ಮಷೀನ್ ಸಾಲಲ್ಲಿ ಇರೋ ಒಂದೇ ಹೆಸರು ಸರ್‌ನೇಮ್ ಜಾಗದಲ್ಲಿ ಕೂತ್ಕೊಳ್ಳುತ್ತೆ, ಆಮೇಲೆ ಬರೀ ಬಾಣ. ತೊಂದರೆ ಏರ್‌ಲೈನ್ ಫಾರ್ಮ್‌ದು, ಅದಕ್ಕೆ ಎರಡೂ ಖಾನೆ ತುಂಬ್ಲೇಬೇಕು. ಹೀಗಾಗಿ ಒಂದೊಂದು ಏರ್‌ಲೈನ್ ಒಂದೊಂದು ದಾರಿ ಇಟ್ಕೊಂಡಿದೆ. ಒಂದು ಕಡೆ ಅದೇ ಹೆಸರನ್ನ ಎರಡೂ ಖಾನೆಯಲ್ಲಿ ಹಾಕಿ ಅಂತಾರೆ, ಇನ್ನೊಂದು ಕಡೆ ಸರ್‌ನೇಮ್‌ನಲ್ಲಿ ಹೆಸರು ಹಾಕಿ ಗಿವನ್ ನೇಮ್‌ನಲ್ಲಿ `FNU` ಅಂತ ಹಾಕಿ ಅಂತಾರೆ, ಅಂದ್ರೆ ಮೊದಲ ಹೆಸರು ಗೊತ್ತಿಲ್ಲ ಅಂತ ಗುರುತು. ಅಮೆರಿಕದ ವೀಸಾದಲ್ಲೂ ಇಂಥವರಿಗೆ ಗಿವನ್ ನೇಮ್ ಜಾಗದಲ್ಲಿ FNU ಅಂತಾನೇ ಪ್ರಿಂಟ್ ಆಗುತ್ತೆ. ಮತ್ತೆ ಕೆಲವು ಏರ್‌ಲೈನ್‌ಗಳು ಬರೀ ಟೈಟಲ್ ಸಾಕು ಅಂತವೆ.

ಹಾಗಾಗಿ ಟಿಕೆಟಲ್ಲಿ ಒಂದೇ ಹೆಸರು ಎರಡು ಸಲ ಬಂದಿದ್ರೆ ಗಾಬರಿ ಬೇಡ, ಆ ಏರ್‌ಲೈನ್ ರೂಲ್ ಅದೇ ಆಗಿದ್ರೆ ಅದು ಸರಿಯಾಗೇ ಇದೆ. ತಿದ್ದಿಸ್ಬೇಕಾದ್ದು ಯಾವಾಗ ಅಂದ್ರೆ, ಫಾರ್ಮ್ ಮುಂದೆ ಹೋಗ್ಲಿ ಅಂತ ಖಾಲಿ ಖಾನೆಗೆ ಅಪ್ಪನ ಹೆಸರೋ, ಊರಿನ ಹೆಸರೋ, ಪಾಸ್‌ಪೋರ್ಟಿನ ಫೋಟೋ ಪುಟದಲ್ಲಿ ಇಲ್ಲದ ಇನ್ನೇನೋ ತುಂಬಿಬಿಟ್ಟಿದ್ರೆ. ಎರಡು ಏರ್‌ಲೈನ್ ಸೇರಿರೋ ಟಿಕೆಟ್ ಆದ್ರೆ ಇಬ್ಬರ ರೂಲೂ ಕೇಳಿ. ಜೊತೆಗೆ ಹೋಗೋ ದೇಶದ ನಿಯಮ ಬೇರೆ ಇರುತ್ತೆ, 2022ರ ನವೆಂಬರ್‌ನಲ್ಲಿ ಯುಎಇ ಹೀಗೆ ಒಂದೇ ಹೆಸರಿನ ಪಾಸ್‌ಪೋರ್ಟ್ ಇರೋ ವಿಸಿಟ್ ವೀಸಾದವರಿಗೆ ಪ್ರವೇಶ ಇಲ್ಲ ಅಂತ ಹೇಳಿ, ಆಮೇಲೆ ಪಾಸ್‌ಪೋರ್ಟಿನ ಎರಡನೇ ಪುಟದಲ್ಲಿ ಅಪ್ಪನ ಅಥವಾ ಮನೆತನದ ಹೆಸರಿದ್ರೆ ಪರವಾಗಿಲ್ಲ ಅಂತ ಸಡಿಲ ಮಾಡ್ತು. ಇಂಥದ್ದನ್ನ ಟಿಕೆಟಲ್ಲಿ ಹೆಸರು ತಿದ್ದಿಸಿ ಸರಿಮಾಡಕ್ಕೆ ಆಗಲ್ಲ.

## ಮದುವೆ ಆಗಿ ಹೆಸರು ಬದಲಾಗಿದ್ರೆ

ಟಿಕೆಟಲ್ಲಿ ಇರ್ಬೇಕಾದ್ದು ಆ ದಿನ ನಿಮ್ಮ ಕೈಯಲ್ಲಿ ಇರೋ ಪಾಸ್‌ಪೋರ್ಟಿನ ಹೆಸರು. ಮದುವೆ ಆದ ಮೇಲೆ ಸರ್‌ನೇಮ್ ಬದಲಾಯಿಸ್ಕೊಂಡಿದೀರಿ ಆದ್ರೆ ಪಾಸ್‌ಪೋರ್ಟ್ ಇನ್ನೂ ಹಳೇದು ಅಂದ್ರೆ ಟಿಕೆಟ್ ಹಳೇ ಹೆಸರಲ್ಲೇ ಇರ್ಲಿ. ಹಳೇ ಹೆಸರಲ್ಲಿ ಟಿಕೆಟ್ ಕೊಂಡ ಮೇಲೆ ಹೊಸ ಪಾಸ್‌ಪೋರ್ಟ್ ಬಂದ್ರೆ ಮ್ಯಾರೇಜ್ ಸರ್ಟಿಫಿಕೇಟ್, ಹಳೇ ಮತ್ತು ಹೊಸ ಪಾಸ್‌ಪೋರ್ಟ್ ಕಾಪಿ ಕೊಟ್ಟು ಕರೆಕ್ಷನ್ ಕೇಳಬಹುದು, ಇಲ್ಲಿ 3 ಅಕ್ಷರದ ಲೆಕ್ಕ ಸಾಮಾನ್ಯವಾಗಿ ನೋಡಲ್ಲ, ಮನುಷ್ಯ ಅದೇ ಅನ್ನೋದಕ್ಕೆ ದಾಖಲೆ ಇದೆಯಲ್ಲ.

ಆದ್ರೆ ಟಿಕೆಟ್ ಸರಿ ಆದ್ರೆ ಸಾಲದು. ಇ-ವೀಸಾ, ಅಮೆರಿಕದ ಎಸ್ಟಾ ತರದ ಆನ್‌ಲೈನ್ ಅನುಮತಿ ಇವೆಲ್ಲ ಒಂದು ಪಾಸ್‌ಪೋರ್ಟ್ ನಂಬರಿಗೆ, ಒಂದು ಹೆಸರಿಗೆ ಅಂಟಿಕೊಂಡಿರ್ತವೆ. ಹೊಸ ಪಾಸ್‌ಪೋರ್ಟ್ ಅಥವಾ ಹೊಸ ಹೆಸರು ಬಂದ್ರೆ ಎಸ್ಟಾಗೆ ಮತ್ತೆ ಹೊಸದಾಗಿ ಅಪ್ಲೈ ಮಾಡ್ಬೇಕು. ಟ್ರಿಪ್ ಹತ್ರ ಇದ್ದು ವೀಸಾ ಹಳೇ ಹೆಸರಲ್ಲಿ ಬಂದಾಗಿದ್ರೆ, ಪಾಸ್‌ಪೋರ್ಟ್ ಬದಲಾಯಿಸೋ ಕೆಲಸವನ್ನ ವಾಪಸ್ ಬಂದ ಮೇಲೆ ಇಟ್ಕೊಳೋದೇ ಒಳ್ಳೇದು ಅಂತ ನನ್ನ ಅನಿಸಿಕೆ.

## ಏರ್‌ಪೋರ್ಟಿಗೆ ಹೋದ ಮೇಲೆ ಗೊತ್ತಾದ್ರೆ

ಅಲ್ಲೂ ಸ್ವಲ್ಪ ದಾರಿ ಇದೆ, ಚೆಕ್‌ಇನ್ ಲೈನಲ್ಲಿ ನಿಂತ್ಕೊಂಡು ಕಾಯ್ಬೇಡಿ ಅಷ್ಟೇ. ನೇರ ಆ ಏರ್‌ಲೈನ್‌ನ ಟಿಕೆಟ್ ಕೌಂಟರ್‌ಗೆ ಹೋಗಿ, ಚೆಕ್‌ಇನ್ ಡೆಸ್ಕ್‌ನವರಿಗೆ ಸಾಮಾನ್ಯವಾಗಿ ಟಿಕೆಟ್ ಮತ್ತೆ ಇಶ್ಯೂ ಮಾಡೋ ಅಧಿಕಾರ ಇರಲ್ಲ. ಟೈಟಲ್ ತಪ್ಪು, ಒಂದೆರಡು ಅಕ್ಷರ, ಅದಲುಬದಲು ಇಂಥದ್ದನ್ನ ಸೂಪರ್‌ವೈಸರ್ ಅಲ್ಲೇ ಸರಿಮಾಡ್ಸೋ ಸಾಧ್ಯತೆ ಇದೆ, ಕೆಲವು ಸಲ ಬುಕಿಂಗ್‌ನಲ್ಲಿ ಒಂದು ರಿಮಾರ್ಕ್ ಹಾಕಿ ಹಾಗೇ ಬಿಡ್ತಾರೆ. ಹಾಗೆ ರಿಮಾರ್ಕ್ ಹಾಕಿ ಬಿಟ್ರೆ ಅದು ಆ ಏರ್‌ಲೈನ್‌ಗೆ ಮಾತ್ರ, ಮುಂದಿನ ಫ್ಲೈಟು ಬೇರೆ ಏರ್‌ಲೈನ್‌ದಾದ್ರೆ ಅಲ್ಲಿಗೂ ಹೇಳ್ಸಿ ಅಂತ ಕೇಳಿ. ಏಜೆಂಟ್ ಟಿಕೆಟ್ ಆಗಿದ್ರೆ ಏಜೆಂಟ್‌ಗೆ ಫೋನ್ ಹಚ್ಚಿಟ್ಕೊಂಡೇ ಕೌಂಟರ್‌ಗೆ ಹೋಗಿ. ಅಮೆರಿಕಕ್ಕೆ ಹೋಗೋ ಫ್ಲೈಟಾದ್ರೆ ಪೂರ್ತಿ ಹೆಸರು, ಹುಟ್ಟಿದ ದಿನ, ಲಿಂಗ ಇಷ್ಟನ್ನ ಏರ್‌ಲೈನ್ ಹೊರಡೋ 72 ಗಂಟೆ ಮುಂಚೆಯಿಂದಲೇ ಅಲ್ಲಿನ ಸೆಕ್ಯೂರಿಟಿ ಸಂಸ್ಥೆಗೆ ಕಳಿಸಿರುತ್ತೆ, ಕೊನೇ ಗಳಿಗೆಯಲ್ಲಿ ತಿದ್ದಿದ ಹೆಸರನ್ನ ಮತ್ತೆ ಕಳಿಸಿ ಅಲ್ಲಿಂದ ಒಪ್ಪಿಗೆ ಬಂದ ಮೇಲೇ ಬೋರ್ಡಿಂಗ್ ಪಾಸ್ ಪ್ರಿಂಟ್ ಆಗೋದು. ಗಿವನ್ ನೇಮ್ ಪೂರ್ತಿ ಬೇರೆ ಇದ್ರೆ ಮಾತ್ರ ಏರ್‌ಪೋರ್ಟಲ್ಲಿ ಹೆಚ್ಚಾಗಿ ಉಳಿಯೋದು ಹೊಸ ಟಿಕೆಟ್ ಕೊಳ್ಳೋ ದಾರಿ, ಆಗ ಹಳೇ ಟಿಕೆಟನ್ನ ಫ್ಲೈಟ್ ಹೊರಡೋ ಮುಂಚೆನೇ ಕ್ಯಾನ್ಸಲ್ ಮಾಡಿಸಿ, ಇಲ್ಲಾಂದ್ರೆ ಬರದೇ ಇದ್ದವರು ಅಂತ ಲೆಕ್ಕ ಹಾಕ್ತಾರೆ, ವಾಪಸ್ ಬರಬಹುದಾದ ಟ್ಯಾಕ್ಸ್ ಕೇಳೋದೂ ಕಷ್ಟ ಆಗುತ್ತೆ.